ಎಎಂಸಿ ಕಾಗದದಲ್ಲಿ ಮೆಂಬ್ರೇನ್ ಎಲ್ಲಿದೆ?

ಆರ್‌ಒ ನೀರಿನ ಯಂತ್ರದ ವಾರಂಟಿ ಮುಗಿಯುವ ಹೊತ್ತಿಗೆ ಫೋನ್ ಬರುತ್ತದೆ. ವಾರ್ಷಿಕ ನಿರ್ವಹಣೆ ಒಪ್ಪಂದ, ಅಂದರೆ ಎಎಂಸಿ ಮಾಡಿಸಿ, ಎಲ್ಲ ಫಿಲ್ಟರ್ ಸೇರಿದೆ ಎನ್ನುತ್ತಾರೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಮೆಂಬ್ರೇನ್ ಸೇರಿದೆಯೇ?

ಮಣ್ಣು ಹಿಡಿಯುವ ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ಹೀರುವ ಕಾರ್ಬನ್ ಫಿಲ್ಟರ್ ಅಗ್ಗದವು. ನೀರಿನಲ್ಲಿ ಕರಗಿದ ಲವಣಗಳನ್ನು ತಡೆಯುವ ಮೆಂಬ್ರೇನ್ ಅವಕ್ಕಿಂತ ದುಬಾರಿ. ಅನೇಕ ಕಡಿಮೆ ದರದ ಒಪ್ಪಂದಗಳಲ್ಲಿ ಅದು ಇರುವುದಿಲ್ಲ. ಪಂಪ್, ಅಡಾಪ್ಟರ್‌ಗಳೂ ಹೊರಗೇ ಉಳಿಯಬಹುದು. ಗಡಸು ಬೋರ್‌ವೆಲ್ ನೀರಿನ ಮನೆಯಲ್ಲಿ ಮೆಂಬ್ರೇನ್ ಮೇಲೆ ಬೇಗ ಸುಣ್ಣ ಕಟ್ಟುತ್ತದೆ; ಅಂಥವರಿಗೆ ಅದಿಲ್ಲದ ಒಪ್ಪಂದದಿಂದ ಹೆಚ್ಚು ಲಾಭವಿಲ್ಲ. ಕಾವೇರಿ ನೀರು ಬರುವ ಮನೆಯಲ್ಲಿ ಲೆಕ್ಕ ಬೇರೆ, ಬರೀ ಸರ್ವಿಸ್ ಒಪ್ಪಂದವೇ ಸಾಕಾಗಬಹುದು.

ಮೆಂಬ್ರೇನ್ ಸೇರಿದ್ದರೂ ಅದನ್ನು ಯಾವಾಗ ಬದಲಿಸುತ್ತಾರೆ ಎಂಬುದು ಬರವಣಿಗೆಯಲ್ಲಿರಲಿ. 'ಅಗತ್ಯ ಕಂಡಾಗ' ಎಂದಿದ್ದರೆ ಆ ಅಗತ್ಯ ಟೆಕ್ನಿಷಿಯನ್‌ನ ಕಣ್ಣಿಗೆ ಬೀಳಬೇಕು. ಮನೆಯಲ್ಲೊಂದು ಟಿಡಿಎಸ್ ಮೀಟರ್ ಇದ್ದರೆ ವಾದ ಬೇಕಾಗದು. ಒಳಬರುವ ನೀರು 900, ಹೊರಬರುವುದು 80 ತೋರಿಸುತ್ತಿತ್ತು ಎಂದುಕೊಳ್ಳಿ. ಒಳಬರುವುದು ಅಷ್ಟೇ ಇದ್ದು, ಹೊರಬರುವುದು ಕ್ರಮೇಣ 300ಕ್ಕೆ ಏರಿದರೆ ಮೊದಲ ಅನುಮಾನ ಮೆಂಬ್ರೇನ್ ಮೇಲೆಯೇ. ಆದರೆ ರುಚಿಗಾಗಿ ಸ್ವಲ್ಪ ಲವಣದ ನೀರು ಬೆರೆಸುವ ಯಂತ್ರಗಳಿವೆ; ಆ ತಿರುಪನ್ನು ಯಾರಾದರೂ ತಿರುಗಿಸಿದರೂ ಅಂಕಿ ಏರುತ್ತದೆ. ಹಾಗಾಗಿ ಹೊಸ ಮೆಂಬ್ರೇನ್ ಹಾಕಿದ ದಿನವೇ ಎರಡೂ ಅಂಕಿಗಳನ್ನು ಸರ್ವಿಸ್ ಚೀಟಿಯಲ್ಲಿ ಬರೆಸಿಕೊಳ್ಳಿ.

'ವರ್ಷಕ್ಕೆ ಮೂರು ಭೇಟಿ' ಎಂದಿದ್ದರೆ ಕೆಟ್ಟಾಗ ಕರೆಸಿದ್ದೂ ಆ ಮೂರರಲ್ಲೇ ಕಳೆಯುತ್ತದೆಯೇ ಎಂದು ಕೇಳಿ. ಇಲಿ ಕಡಿದ ಪೈಪು, ವೋಲ್ಟೇಜ್ ಏರುಪೇರಿನಿಂದ ಸುಟ್ಟ ಅಡಾಪ್ಟರ್, ಒಡೆದ ನಲ್ಲಿ, ಬಿರುಕುಬಿಟ್ಟ ಟ್ಯಾಂಕ್ ಸಾಮಾನ್ಯವಾಗಿ ಹೊರತು. ಹೊರಗಿನವರಿಂದ ರಿಪೇರಿ ಮಾಡಿಸಿದರೆ ಒಪ್ಪಂದವೇ ರದ್ದು ಎಂಬ ಷರತ್ತೂ ಇರುತ್ತದೆ.

ಇನ್ನು ಸಮಯ. '48 ಗಂಟೆಯೊಳಗೆ' ಎಂದರೆ ಎರಡು ದಿನ. '48 ಕೆಲಸದ ಗಂಟೆ' ಎಂದಿದ್ದು, ದಿನಕ್ಕೆ ಎಂಟು ಗಂಟೆ ಕೆಲಸ, ಭಾನುವಾರ ರಜೆ ಎಂದಾದರೆ? ಶುಕ್ರವಾರ ಸಂಜೆ ಬರೆಸಿದ ದೂರಿನ ಗಡುವು ಮುಂದಿನ ಶುಕ್ರವಾರ ಸಂಜೆ! ಅದೂ ಅನೇಕ ಕಡೆ ಟೆಕ್ನಿಷಿಯನ್ ಬಂದು ನೋಡುವ ಗಡುವಷ್ಟೇ. ಬಿಡಿಭಾಗ ತರಿಸುವುದಕ್ಕೆ ಬೇರೆ ಗಡುವು ಹಾಕಿದ್ದಾರೆಯೇ, ಅದು ತಪ್ಪಿದರೆ ಒಪ್ಪಂದದ ಅವಧಿಯನ್ನು ಅಷ್ಟು ದಿನ ವಿಸ್ತರಿಸುತ್ತಾರೆಯೇ ಎಂದು ಹಣ ಕೊಡುವ ಮೊದಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.