ನಿನ್ನೆಯ ನಗು, ಇಂದಿನ ಮೌನ

ನಿಶ್ಚಿತಾರ್ಥ ಮುಗಿದು ಮದುವೆಗೆ ಕೆಲವು ತಿಂಗಳಿರುವಾಗ ಹೆಣ್ಣಿನ ಮನಸ್ಸಿನಲ್ಲಿ ಹುಟ್ಟುವ ಒಂದು ಆತಂಕವನ್ನು ಹಿರಿಯರೆದುರು ಹೇಳಿಕೊಳ್ಳುವುದೂ ಕಷ್ಟ. ವರನಾಗುವವನು ಒಂದು ಸಂಜೆ ಗಂಟೆಗಟ್ಟಲೆ ಅಕ್ಕರೆಯಿಂದ ಮಾತನಾಡುತ್ತಾನೆ. ಮರುದಿನ ಕೇಳಿದ್ದಕ್ಕೆಲ್ಲ ‘ಹೂಂ’ ಎನ್ನುತ್ತಾನೆ. ಬಳಿಕ ಮೂರು ದಿನ ಸುದ್ದಿಯೇ ಇಲ್ಲ.

ಸದಾ ಬಿಗುಮಾನದಿಂದಿರುವವರಿಗಿಂತ ಇಂಥವರೇ ಹೆಚ್ಚು ಕಾಡುವುದೇಕೆ? ಅಮೆರಿಕದ ಫರ್ಸ್ಟರ್ ಮತ್ತು ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು 1957ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳ ವಿವರಗಳಿವೆ. ಕೊಕ್ಕಿನಿಂದ ಕುಟ್ಟಿದಾಗಲೆಲ್ಲ ಕಾಳು ಪಡೆದ ಹಕ್ಕಿ, ಕಾಳು ನಿಂತ ಮೇಲೆ ಬೇಗನೆ ಸುಮ್ಮನಾಗುತ್ತದೆ. ಎಂದೋ ಒಮ್ಮೆ, ಲೆಕ್ಕವಿಲ್ಲದೆ ಕಾಳು ಸಿಕ್ಕ ಹಕ್ಕಿ ಮಾತ್ರ ಬಹುಕಾಲ ಕುಟ್ಟುತ್ತಲೇ ಇರುತ್ತದೆ. ಮನುಷ್ಯರು ಪಾರಿವಾಳಗಳಲ್ಲ, ನಿಜ. ಆದರೂ ಉತ್ತರ ಬಾರದ ದೂರವಾಣಿಯನ್ನು ಹತ್ತು ಸಲ ನೋಡುವ ಕೈಗೆ ಈ ಮಾತು ಅರ್ಥವಾದೀತು.

ಮೌನದ ದಿನ ಅವಳು ದುಪ್ಪಟ್ಟು ಸಂದೇಶ ಕಳುಹಿಸುತ್ತಾಳೆ. ಅವನ ಮನಸ್ಸು ತಾನಾಗಿಯೇ ತಿಳಿಯಾಗಿ ಮಾತು ಮರಳಿದರೂ ಅದು ತನ್ನ ಓಲೈಕೆಯ ಫಲವೆಂದು ಭಾವಿಸುತ್ತಾಳೆ. ಹೀಗೆ ಓಲೈಕೆಯೇ ಅಭ್ಯಾಸವಾಗಿ, ಮೌನದ ಕಾರಣ ಮರೆಯಲ್ಲಿಯೇ ಉಳಿಯುತ್ತದೆ.

ಮೈಸೂರಿನ ಶಿಕ್ಷಕಿಯೊಬ್ಬಳಿಗೆ ಬೆಂಗಳೂರಿನ ಎಂಜಿನಿಯರನೊಡನೆ ಸಂಬಂಧ ನಿಶ್ಚಯವಾಗಿದೆಯೆಂದು ಊಹಿಸಬಹುದು. ಅವಳು ನಾಲ್ಕು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ: ಮಾತು ಆರಂಭಿಸಿದವರು ಯಾರು, ಕೊನೆಗೆ ಬಂದ ವಿಷಯ ಯಾವುದು, ಮೌನ ಎಷ್ಟು ದಿನ. ಒಂದು ಮೌನ ಅವನ ಕಚೇರಿಯ ತುರ್ತುಕೆಲಸದ ವಾರದಲ್ಲಿ ಬಿದ್ದಿದೆ, ಅದನ್ನು ಬಿಡಬಹುದು. ಉಳಿದ ಮೂರೂ ಅವಳು ಮದುವೆಯ ಬಳಿಕ ಬೆಂಗಳೂರಿನ ಶಾಲೆಯಲ್ಲಿ ಕೆಲಸ ಹುಡುಕುವ ಮಾತೆತ್ತಿದ ಮರುದಿನವೇ ಆರಂಭವಾಗಿವೆ. ಇಷ್ಟು ಕಡಮೆ ದಿನಗಳ ಲೆಕ್ಕ ತಪ್ಪು ದಾರಿ ಹಿಡಿಸಲೂಬಹುದು. ಆದ್ದರಿಂದ ಅದು ತೀರ್ಪಲ್ಲ, ಪ್ರಶ್ನೆಗೆ ಆಧಾರ ಮಾತ್ರ.

ಪ್ರಶ್ನೆಯನ್ನು ಮೌನದ ದಿನ ಕೇಳಬಾರದು, ಆಗ ಅದು ದೂರಾಗುತ್ತದೆ. ಮಾತು ಸಲೀಸಾಗಿರುವ ದಿನ, ‘ನಿಮಗೆ ನನ್ನ ಮೇಲೆ ಪ್ರೀತಿ ಇಲ್ಲವೆ?’ ಎನ್ನದೆ, ಅವಳು ಹೀಗೆ ಕೇಳುತ್ತಾಳೆ: “ಕೆಲಸದ ವಿಷಯ ಬಂದಾಗಲೆಲ್ಲ ನೀವು ಎರಡು ಮೂರು ದಿನ ಮಾತಾಡುವುದಿಲ್ಲ. ಅದರಲ್ಲಿ ನಿಮಗೇನಾದರೂ ತೊಡಕಿದೆಯೆ?”

“ಅಮ್ಮನಿಗೆ ಇಷ್ಟವಿಲ್ಲ. ನಿನಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ” ಎಂದು ಅವನು ಹೇಳಿದರೆ, ಮಾತನಾಡಬೇಕಾದ ವಿಷಯ ಕೈಗೆ ಸಿಕ್ಕಿತು. ‘ಏನೂ ಇಲ್ಲ’ ಎಂದು ಹೇಳಿ ಮತ್ತೆ ಅದೇ ಮೌನಕ್ಕೆ ಮರಳಿದರೆ, ಅವಳು ಇನ್ನೊಮ್ಮೆ ಕೇಳಬೇಕಾಗಿಲ್ಲ. ಅವನು ಆರಂಭಿಸಿದಷ್ಟೇ ಮಾತು ಮುಂದುವರಿಸುತ್ತ, ಛತ್ರಕ್ಕೆ ಮುಂಗಡ ಕೊಡುವ ಮೊದಲೇ ತಂದೆತಾಯಿಗೆ ಆ ಕ್ಯಾಲೆಂಡರನ್ನು ತೋರಿಸುವುದು ಲೇಸು.