ಅಚ್ಚಾಗಿದೆ ಅಂದಮಾತ್ರಕ್ಕೆ ಬಳಸಬಹುದೇ?

ಬಿಪಿ ಮಾತ್ರೆಯನ್ನು ಆಗಾಗ ತಪ್ಪಿಸುವವರ ಬಗ್ಗೆ ಮೈಸೂರಿನ ವಿದ್ಯಾರ್ಥಿನಿಯೊಬ್ಬಳು ಪಿಎಚ್‌ಡಿ ಮಾಡುತ್ತಿದ್ದಾಳೆ ಅಂದುಕೊಳ್ಳಿ. ಹುಡುಕಿದರೆ ಬೇಗ ಸಿಗುವುದು ಮೊರಿಸ್ಕಿ ಅವರ ಎಂಟು ಪ್ರಶ್ನೆಗಳ ಪ್ರಶ್ನಾವಳಿ. 2008ರ ಲೇಖನದಲ್ಲೇ ಪ್ರಶ್ನೆಗಳಿದ್ದವು. ಇನ್ನೇನು, ಕನ್ನಡಕ್ಕೆ ತಂದು ಕೇಳಿಬಿಟ್ಟರಾಯಿತು ಅನ್ನಿಸುತ್ತದೆ. ಹಾಗೆ ಕೇಳಿಯಾದ ಮೇಲೆ ಪರವಾನಗಿ ಹಣ ಕಟ್ಟಿ, ಇಲ್ಲವೇ ಲೇಖನ ಹಿಂತೆಗೆದುಕೊಳ್ಳಿ ಎಂಬ ಪತ್ರ ಹಲವು ಸಂಶೋಧಕರಿಗೆ ಬಂತು. ಈ ಜಗಳವನ್ನು 2017ರಲ್ಲಿ ‘ಸೈನ್ಸ್’ ಪತ್ರಿಕೆ ವರದಿ ಮಾಡಿತು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರದ್ದು ಬೇರೆಯೇ ಕತೆ: ನಕಲು, ಅನುವಾದ, ಹಂಚಿಕೆ ಯಾವುದಕ್ಕೂ ಅನುಮತಿ ಬೇಡವೆಂದು ಅದರ ನಮೂನೆಯಲ್ಲೇ ಬರೆದಿದೆ. ಹಾಗೆ ಬರೆದಿಲ್ಲದಿದ್ದರೆ ಕೇಳಲೇಬೇಕು.

ಪತ್ರ ಬರೆಯಬೇಕಾದ್ದು ಲೇಖನದಲ್ಲಿ ಇಮೇಲ್ ಕೊಟ್ಟಿರುವ ಲೇಖಕರಿಗೆ. ಹಳೆಯ ವಿಳಾಸ ಸತ್ತಿದ್ದರೆ ಅವರ ಈಚಿನ ಲೇಖನ ನೋಡಿ, ಇಲ್ಲವೇ ಸಹಲೇಖಕರನ್ನು ಹಿಡಿಯಿರಿ. ನೀವು ಯಾರು, ಎಷ್ಟು ಜನರನ್ನು ಯಾವ ಭಾಷೆಯಲ್ಲಿ ಕೇಳುತ್ತೀರಿ ಎಂಬುದು ಎರಡು ಸಾಲಿನಲ್ಲಿ ಸಾಕು. ಹೆಚ್ಚಿನವರು ಕೇಳಲು ಮರೆಯುವುದು ಅಂಕ ಕೊಡುವ ವಿಧಾನವನ್ನು. ಮೊರಿಸ್ಕಿ ಪ್ರಶ್ನಾವಳಿಯಲ್ಲಿ ಏಳು ಪ್ರಶ್ನೆಗಳಿಗೆ ಹೌದು-ಇಲ್ಲ ಉತ್ತರ. ‘ಇಲ್ಲ’ ಅಂದರೆ ಒಂದು ಅಂಕ. ಆದರೆ ಐದನೆಯದು ನಿನ್ನೆ ಔಷಧ ತೆಗೆದುಕೊಂಡಿರಾ ಎಂದು ಕೇಳುವುದರಿಂದ ಅಲ್ಲಿ ‘ಹೌದು’ಗೆ ಅಂಕ. ಇದು ಗೊತ್ತಿಲ್ಲದೆ ಲೆಕ್ಕ ಹಾಕಿದರೆ ಒಂದು ದಿನವೂ ತಪ್ಪಿಸದವರಿಗೂ ಎಂಟರ ಬದಲು ಏಳೇ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಎಂಟು ಅಂಕದವರು ಒಬ್ಬರೂ ಕಾಣದಿದ್ದರೆ ಮೊದಲು ಸಂಶಯ ಪಡಬೇಕಾದ್ದು ಇಲ್ಲಿಯೇ. ಕನ್ನಡ ಅನುವಾದ ಆಗಲೇ ಇದೆಯೇ ಎಂದೂ ಅದೇ ಪತ್ರದಲ್ಲಿ ವಿಚಾರಿಸಿ. ಇದ್ದರೆ ಅನುವಾದಿಸಿದವರ ಒಪ್ಪಿಗೆಯೂ ಬೇಕಾಗುತ್ತದೆ.

ಪ್ರಶ್ನಾವಳಿ ಸಿಗಬಹುದು, ದತ್ತಾಂಶ ಸಿಗುವುದು ಕಷ್ಟ. ‘ಕೇಳಿದರೆ ಕೊಡುತ್ತೇವೆ’ ಎಂದು ಬರೆದುಕೊಂಡಿದ್ದ 1,792 ಲೇಖನಗಳ ಲೇಖಕರನ್ನು 2022ರ ಅಧ್ಯಯನವೊಂದು ನಿಜಕ್ಕೂ ಕೇಳಿ ನೋಡಿತು. ಕೊಟ್ಟವರು ನೂರಕ್ಕೆ ಏಳರಷ್ಟೂ ಇರಲಿಲ್ಲ. ಸೋಮಾರಿತನ ಒಂದೇ ಕಾರಣವಲ್ಲ. ರೋಗಿಗಳು ಬೇರೆಯವರಿಗೆ ಕೊಡಲು ಒಪ್ಪಿಗೆ ಕೊಟ್ಟಿರಲಿಕ್ಕಿಲ್ಲ, ನೈತಿಕ ಸಮಿತಿ ತಡೆದಿರಬಹುದು. ಹಾಗಾಗಿ ಇಡೀ ಕಡತ ಕೇಳಬೇಡಿ. ಹೆಸರು, ಊರು ತೆಗೆದ, ನಿಮಗೆ ಬೇಕಾದ ನಾಲ್ಕೈದು ಕಾಲಂ ಸಾಕೆಂದರೆ ಕೊಡುವವರಿಗೂ ಧೈರ್ಯ.

ಋಣ ಹೇಳುವಾಗ ಮೂಲ ಲೇಖನ, ಅನುವಾದದ ಲೇಖನ ಎರಡನ್ನೂ ಉಲ್ಲೇಖಿಸಿ, ಅನುಮತಿ ಪಡೆದದ್ದನ್ನು ವಿಧಾನದ ಭಾಗದಲ್ಲಿ ಬರೆಯುವುದು ಕ್ರಮ. ದತ್ತಾಂಶಕ್ಕೆ ತನ್ನದೇ ಡಿಒಐ ಇದ್ದರೆ ಅದನ್ನು ಆವೃತ್ತಿಯ ಸಮೇತ ಬೇರೆಯಾಗಿ ಕೊಡಬೇಕು. ಬರೀ ದತ್ತಾಂಶ ಕೊಟ್ಟವರನ್ನು ಸಹಲೇಖಕರಾಗಿ ಸೇರಿಸಬೇಕಿಲ್ಲ, ಕೃತಜ್ಞತೆ ಸಾಕು. ಇನ್ನು, ಬಳಸಲು ಸಿಕ್ಕ ಅನುಮತಿ ಅಚ್ಚು ಹಾಕುವ ಅನುಮತಿಯಲ್ಲ: ಪ್ರಶ್ನೆಗಳನ್ನು ಅನುಬಂಧದಲ್ಲಿ ಸೇರಿಸಿದ ಪ್ರಬಂಧ ಶೋಧಗಂಗಾಕ್ಕೆ ಏರಿದರೆ ಅದು ಮರುಪ್ರಕಟಣೆಯೇ ಆಗುತ್ತದೆ. ಅದನ್ನೂ ಮೊದಲ ಪತ್ರದಲ್ಲೇ ಕೇಳಿಕೊಳ್ಳಿ.