ಏಡಿಯಿಲ್ಲದ ಏಡಿಕಡ್ಡಿ

ಕೋಲ್ಕತ್ತೆಯ ಟಿರೆಟ್ಟಾ ಬಜಾರಿನಲ್ಲಿ ಬೆಳಗಿನ ಹೊತ್ತು ಮಾರುವ ಚೀನೀ ಸಾರಿನ ಮೀನುಂಡೆಯೂ, ಹೋಟೆಲುಗಳ ಕೆಂಪಂಚಿನ ಏಡಿಕಡ್ಡಿಯೂ ಅರೆದ ಮೀನಿನಿಂದಲೇ ಆದವು. ಏಡಿಕಡ್ಡಿಯ ಮೂಲವಸ್ತು ಸುರಿಮಿ; ನಮ್ಮ ಕರಾವಳಿಯ ಮದ್ಮಲ್ ಮೀನೂ ಇದಕ್ಕೆ ಒದಗುತ್ತದೆ. ಮುಳ್ಳು, ಚರ್ಮ ತೆಗೆದು ಅರೆದ ಮಾಂಸವನ್ನು ತಣ್ಣೀರಿನಲ್ಲಿ ಎರಡು ಮೂರು ಬಾರಿ ತೊಳೆಯುತ್ತಾರೆ. ಕೊಬ್ಬು, ವಾಸನೆ, ನೀರಿನಲ್ಲಿ ಕರಗುವ ಸತ್ತ್ವಗಳು ಬಹುಪಾಲು ಹರಿದುಹೋಗಿ ಜಿಗುಟಾದ ಬಿಳಿಯ ಮುದ್ದೆ ಉಳಿಯುತ್ತದೆ. ಹೆಪ್ಪುಗಟ್ಟಿಸಿದಾಗ ಜಿಗುಟು ಕೆಡದಿರಲೆಂದು ಸಕ್ಕರೆ ಬೆರೆಸುತ್ತಾರೆ; ಕಡ್ಡಿಯಾಗುವಾಗ ಪಿಷ್ಟ, ಮೊಟ್ಟೆಯ ಬಿಳಿ, ಉಪ್ಪು, ಬಣ್ಣ ಸೇರುತ್ತವೆ. ಆದಕಾರಣ 100 ಗ್ರಾಂ ಇಡಿ ಮೀನಿನ ಮಾಂಸದಲ್ಲಿ ಸುಮಾರು 18 ಗ್ರಾಂ ಸಸಾರಜನಕವಿದ್ದರೆ ಕಡ್ಡಿಯಲ್ಲಿ ಸುಮಾರು 8 ಮಾತ್ರ. ಮೀನಿನಲ್ಲಿ ಇಲ್ಲವೆಂಬಷ್ಟಿರುವ ಶರ್ಕರಪಿಷ್ಟವೋ ಇದರಲ್ಲಿ 15 ಗ್ರಾಂ. ಮಧುಮೇಹಿಗಳು ಗಮನಿಸತಕ್ಕ ಅಂಶವಿದು. ತೊಳೆಯದೆ ಹಸಿಮೀನನ್ನೇ ಕುಟ್ಟಿ ಮಾಡಿದ ಉಂಡೆ ಮೀನಿಗೆ ಹೆಚ್ಚು ಹತ್ತಿರ. ಏಡಿ ಒಗ್ಗದವರಿಗೂ ಕಡ್ಡಿ ನಿರಪಾಯವಲ್ಲ. ರುಚಿಗೆಂದು ನಿಜವಾದ ಏಡಿಯ ಸಾರವನ್ನು ಸೇರಿಸುವುದುಂಟು.